ಮೇಲ್‌ನಲ್ಲಿ ಒತ್ತಕ್ಷರ ಒಡೆಯುವುದನ್ನು ನಿಲ್ಲಿಸಿದ ಬಗೆ: ನನ್ನ ಅನುಭವ

ನಮ್ಮ ವಾರದ ಮೇಲ್ ಪತ್ರಿಕೆಯ ಸಬ್ಜೆಕ್ಟ್ ಸಾಲಿನಲ್ಲಿ ಒತ್ತಕ್ಷರ ಒಡೆಯುತ್ತಿತ್ತು. ಎಲ್ಲರೂ ಫಾಂಟ್ ಸಮಸ್ಯೆ ಅಂದರು. ಫಾಂಟ್ ಬದಲಿಸಿದೆವು, ಏನೂ ಆಗಲಿಲ್ಲ. ದುಡ್ಡು ಕೊಟ್ಟು ಬೇರೊಂದು ಮೇಲ್ ಸೇವೆಗೆ ಹೋದೆವು. ಹತ್ತಿರ ಹತ್ತಿರ ಐದು ಸಾವಿರ ರೂಪಾಯಿ ಹೋಯಿತು, ಅಕ್ಷರ ಮಾತ್ರ ಹಾಗೇ ಒಡೆಯಿತು. ಸಬ್ಜೆಕ್ಟನ್ನು ಇಂಗ್ಲಿಷಿನಲ್ಲೇ ಹಾಕಿಬಿಡಿ ಎಂದವರೂ ಇದ್ದರು. ನಾನು ಒಪ್ಪಲಿಲ್ಲ.

ಮೊದಲು ಒಡೆದದ್ದು ಹೇಗೆ ಕಾಣುತ್ತಿದೆ ಎಂದು ನೋಡಬೇಕು. ಕನ್ನಡವೆಲ್ಲ ಸಾಲಾಗಿ ಖಾಲಿ ಚೌಕಗಳಾಗಿದ್ದರೆ ಓದುವವರ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ಅದಕ್ಕೆ ಕಳಿಸುವವರು ಮಾಡುವಂಥದ್ದು ಕಡಿಮೆ. `à²•` ಥರ ಬಂದರೆ ಯುಟಿಎಫ್-8 ಅಂತ ಹೇಳುವ ಸಾಲು ತಪ್ಪಿಹೋಗಿದೆ. ನಮ್ಮಲ್ಲಿ ಇದ್ದದ್ದು ಎರಡೂ ಅಲ್ಲ. ಉಳಿದ ಅಕ್ಷರಗಳೆಲ್ಲ ಚೆನ್ನಾಗಿದ್ದವು, ಒಂದೇ ಜಾಗದಲ್ಲಿ `�` ಬರುತ್ತಿತ್ತು. ಯಾವ ಫೋನಿನಲ್ಲಿ ತೆರೆದರೂ ಅದೇ ಜಾಗ. ಹಾಗಿದ್ದರೆ ಅದು ಫಾಂಟ್ ಹೇಗಾಗುತ್ತದೆ, ಅಲ್ವಾ?

ಮೇಲ್‌ನ ಮೂಲ ರೂಪ ತೆರೆದಾಗ ಗುಟ್ಟು ಸಿಕ್ಕಿತು. ಸಬ್ಜೆಕ್ಟ್‌ನ ಕನ್ನಡ `=?UTF-8?B?...?=` ಎಂಬ ತುಂಡುಗಳಾಗಿ ಹೋಗುತ್ತದೆ. ಒಂದು ತುಂಡು 75 ಅಕ್ಷರ ಮೀರುವಂತಿಲ್ಲ. ಆಚೀಚೆಯ ಗುರುತುಗಳಿಗೆ 12 ಹೋದರೆ, 3 ಬೈಟನ್ನು 4 ಅಕ್ಷರವಾಗಿ ಬರೆಯುವ ಬೇಸ್64 ಲೆಕ್ಕದಲ್ಲಿ ಒಳಗೆ 45 ಬೈಟ್ ಹಿಡಿಯುತ್ತದೆ. ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಕಾಗುಣಿತಕ್ಕೂ 3, ಹಲಂತಕ್ಕೂ 3. ಅಂದರೆ 15 ಚಿಹ್ನೆ. ನಮ್ಮ ಕಳಿಸುವ ಸಾಧನ ಅಕ್ಷರ ನೋಡದೆ ಸುಮ್ನೆ 45ಕ್ಕೆ ಕತ್ತರಿಸುತ್ತಿತ್ತು.

45 ಎಂಬುದು 3ರಿಂದ ಭಾಗವಾಗುತ್ತದೆ. ಹಾಗಾಗಿ ಪದಗಳ ನಡುವೆ ಜಾಗ ಬಿಡದೆ ಪರೀಕ್ಷೆ ಮಾಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಖಾಲಿ ಜಾಗಕ್ಕೆ 1 ಬೈಟ್. ಅದು ಬಂದ ಕೂಡಲೇ ಲೆಕ್ಕ ಜಾರುತ್ತದೆ. ‘ವಾರದ ವಿಜ್ಞಾನ ಪತ್ರಿಕೆ’ ತೆಗೆದುಕೊಳ್ಳಿ. ‘ವಾರದ’ 12, ಜಾಗ ಸೇರಿ 13, ‘ವಿಜ್ಞಾನ’ ಮುಗಿದಾಗ 34, ಮತ್ತೆ ಜಾಗ 35. ಆಮೇಲೆ ಪ, ತ, ಹಲಂತ ಸೇರಿ 44. 45ನೆಯದು ‘ರ’ದ ಮೊದಲ ಬೈಟ್. ಅದರ ಉಳಿದ ಎರಡು ಬೈಟ್ ಮುಂದಿನ ತುಂಡಿಗೆ. ತ್ರ ಒಡೆಯುವುದು ಇಲ್ಲೇ.

ಪೂರ್ತಿ ಚಿಹ್ನೆ ಮುಗಿದ ಮೇಲೆ ಕತ್ತರಿಸಿದರೆ ಸಾಕು ಎನ್ನುತ್ತವೆ ನಿಯಮಗಳು. ನನಗೆ ಅದು ಸಾಲಲಿಲ್ಲ. 44ಕ್ಕೆ ಕತ್ತರಿಸಿದಾಗ `�` ಹೋಯಿತು, ಆದರೆ ಒಂದು ಹಳೆಯ ಮೇಲ್ ಆಪ್ ಎರಡು ತುಂಡುಗಳ ನಡುವೆ ಜಾಗ ಉಳಿಸಿ ‘ಪತ್ ರಿಕೆ’ ಎಂದು ತೋರಿಸಿತು. ಆದ್ದರಿಂದ ಈಗ ಪದದ ಕೊನೆಯಲ್ಲೇ ಕತ್ತರಿಸುತ್ತೇನೆ:

```
from base64 import b64encode
def tundu(s):
    b = b64encode(s.encode("utf-8")).decode()
    return "=?UTF-8?B?" + b + "?="

h = ("Subject: " + tundu("ವಾರದ ವಿಜ್ಞಾನ ")
     + "\r\n " + tundu("ಪತ್ರಿಕೆ"))
```

‘ವಿಜ್ಞಾನ’ದ ನಂತರದ ಜಾಗ ತುಂಡಿನ ಒಳಗೇ ಇದೆ, ಗಮನಿಸಿ. ಎರಡು ತುಂಡುಗಳ ನಡುವಿನ ಜಾಗವನ್ನು ಓದುವ ಆಪ್ ಬಿಟ್ಟುಬಿಡಬೇಕೆಂಬುದು ನಿಯಮ. ಜಾಗ ಹೊರಗಿದ್ದರೆ ಪದಗಳು ಅಂಟಿಕೊಳ್ಳುತ್ತವೆ. ಮೊದಲ ಸಾಲಿನಲ್ಲಿ `Subject: ` ಕೂಡ ಸೇರುವುದರಿಂದ ಅಲ್ಲಿ 39 ಬೈಟ್ ದಾಟಿಸಬೇಡಿ. ಒಂದೇ ಪದ ಇದಕ್ಕಿಂತ ಉದ್ದವಾದರೆ ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ನನ್ನದೇ ಒಂದು ಉಪಾಯವಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ‘ಸಾಫ್ಟ್‌ವೇರ್’ ಪದವನ್ನೂ ಪರೀಕ್ಷಿಸಿದೆ. ಇದರಲ್ಲಿ ಟ್ ಮತ್ತು ವ ಕೂಡದಂತೆ ತಡೆಯುವ ಕಾಣದ ಚಿಹ್ನೆಯೊಂದಿದೆ (`U+200C`). ಅದೂ 3 ಬೈಟ್. ಒಂದು ಕಡೆ ಅದನ್ನು ತೆಗೆದುಹಾಕಿ ‘ಸಾಫ್ಟ್ವೇರ್’ ಎಂದು ತೋರಿಸಿತು, ಇನ್ನೊಂದು ಕಡೆ ಅದೊಂದೇ ಚೌಕವಾಗಿ ಬಂತು. ಅಂಥ ಪದಗಳನ್ನು ಈಗ ಸಬ್ಜೆಕ್ಟ್‌ನಲ್ಲಿ ಬಳಸುವುದಿಲ್ಲ.

ಮೇಲ್‌ನ ಒಡಲಿನಲ್ಲೂ ಇದೇ ಕಾಯಿಲೆ ಬರಬಹುದು. ಎಚ್‌ಟಿಎಂಎಲ್ ಪೂರ್ತಿ ಒಂದೇ ಸಾಲಿನಲ್ಲಿದ್ದರೆ ನಡುವಿನ ಸರ್ವರ್ 998 ಬೈಟಿಗೆ ಅದನ್ನು ಮುರಿಯಬಹುದು. ಸುಮಾರು ಮುನ್ನೂರ ಮೂವತ್ತು ಚಿಹ್ನೆಗೊಮ್ಮೆ `�` ಕಂಡರೆ ಇದೇ ಕಾರಣ. `Content-Transfer-Encoding: base64` ಹಾಕಿದರೆ ಸಾಲುಗಳು 76ಕ್ಕೆ ನಿಲ್ಲುತ್ತವೆ, ಗಾತ್ರ ಮೂರನೇ ಒಂದರಷ್ಟು ಜಾಸ್ತಿಯಾಗುತ್ತದೆ. `quoted-printable` ಕೂಡ ಕೆಲಸ ಮಾಡುತ್ತದೆ, ಆದರೆ ಕನ್ನಡದ ಒಂದೊಂದು ಚಿಹ್ನೆಗೆ 9 ಅಕ್ಷರ ತಿನ್ನುತ್ತದೆ.

ನೀವು ಪರೀಕ್ಷಿಸುವಾಗ ಒಂದು ಜಾಗ, ಎರಡು ಜಾಗ, ಮೂರು ಜಾಗ ಇರುವ ಸಬ್ಜೆಕ್ಟ್‌ಗಳನ್ನು ಬೇರೆ ಬೇರೆ ಕಳಿಸಿ ನೋಡಿ. ಮೊದಲ 45 ಬೈಟಿನೊಳಗೆ ಮೂರು ಜಾಗ ಬಂದರೆ ಲೆಕ್ಕ ಮತ್ತೆ ಸರಿಹೋಗಿ ದೋಷ ಮುಚ್ಚಿಹೋಗುತ್ತದೆ.