ಬ್ಯಾಟಲ್ ಪಾಸ್ ಕೊಳ್ಳುವ ಮುಂಚೆ ನಾನು ಹಾಕುವ ಲೆಕ್ಕ

ಬ್ಯಾಟಲ್ ಪಾಸ್ ಇರುವ ಆಟಗಳನ್ನು ನಾನು ತುಂಬಾ ವರ್ಷಗಳಿಂದ ಆಡುತ್ತಿದ್ದೇನೆ. ಪಾಸ್ ಕೊಳ್ಳುತ್ತೇನೆ ಕೂಡ. ಆದರೆ ಪಾಸ್ ನಡೆಯುವ ಅವಧಿ, ಅಂದರೆ ಸೀಸನ್, ಶುರುವಾದ ದಿನ ಯಾವತ್ತೂ ಕೊಳ್ಳುವುದಿಲ್ಲ. ಮುಗಿಯುವ ಹೊತ್ತಿಗೆ ಕೊಳ್ಳುತ್ತೇನೆ, ಅದೂ ಒಂದು ಸಣ್ಣ ಲೆಕ್ಕ ಹಾಕಿದ ಮೇಲೆ.

ಪಾಸ್ ಅಂದರೆ ಉದ್ದಕ್ಕೆ ಹಬ್ಬಿದ ಬಹುಮಾನಗಳ ಸಾಲು. ಆ ಸಾಲಿನ ಒಂದೊಂದು ಮನೆಯೂ ಒಂದು ಟಯರ್. ಆಡಿದಷ್ಟೂ ಎಕ್ಸ್‌ಪಿ ಅನ್ನುವ ಅಂಕ ಸೇರುತ್ತದೆ, ಸಾಕಷ್ಟು ಸೇರಿದಾಗ ಮುಂದಿನ ಟಯರ್ ತೆರೆಯುತ್ತದೆ. ಸಾಲು ನಿಜಕ್ಕೂ ಎರಡು. ಒಂದು ಎಲ್ಲರಿಗೂ ಸಿಗುವ ಉಚಿತ ಸಾಲು, ಅದರಲ್ಲಿ ಬಹುಮಾನ ಕಡಿಮೆ. ಇನ್ನೊಂದು ಹಣ ಕೊಟ್ಟವರ ಸಾಲು, ಪಾತ್ರ, ಆಯುಧಗಳ ನೋಟ ಬದಲಿಸುವ ಒಳ್ಳೆಯ ಸ್ಕಿನ್‌ಗಳೆಲ್ಲ ಅಲ್ಲೇ ಇರುತ್ತವೆ. ಸೀಸನ್ ಮುಗಿದರೆ ಎರಡೂ ಮುಚ್ಚುತ್ತವೆ, ತೆರೆಯದೇ ಉಳಿದದ್ದು ಹೋಯಿತು. 2013ರಲ್ಲಿ ಡೋಟಾ 2 ಆಟದ ಕಾಂಪೆಂಡಿಯಂ ಎಂಬ ಡಿಜಿಟಲ್ ಪುಸ್ತಕದಲ್ಲಿ ಇದರ ಮೊದಲ ರೂಪ ಕಾಣಿಸಿತು. 2017ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ತನ್ನ ಎರಡನೇ ಸೀಸನ್‌ಗೆ ಒಂದು ಪಾಸ್ ತಂದಿತು, ಬೆಲೆ ಆ ಆಟದ ನಾಣ್ಯದಲ್ಲಿ 950 ವಿ-ಬಕ್ಸ್. ಅಲ್ಲಿಂದ ಮುಂದೆ ಇದು ಎಲ್ಲ ಕಡೆ ಹಬ್ಬಿತು.

ಕೊನೆಗೆ ಕೊಳ್ಳುವುದು ಏಕೆ ಅಂತ ಮೊದಲು ಹೇಳುತ್ತೇನೆ. ನೀವು ಹಣ ಕೊಡದೆ ಆಡುತ್ತಿದ್ದರೂ ಟಯರ್ ಮೇಲೇರುತ್ತಲೇ ಇರುತ್ತದೆ. ಹಣದ ಸಾಲಿನ ಬಹುಮಾನಗಳ ಮೇಲೆ ಬೀಗ ಕಾಣುತ್ತದೆ, ಅಷ್ಟೇ. ಎಷ್ಟನೇ ಟಯರ್‌ನಲ್ಲಿದ್ದಾಗ ಪಾಸ್ ಕೊಂಡರೂ ಅಲ್ಲಿವರೆಗಿನ ಬೀಗಗಳೆಲ್ಲ ಒಟ್ಟಿಗೆ ತೆರೆಯುತ್ತವೆ. ನಾನು ಆಡಿದ ಪಾಸ್‌ಗಳೆಲ್ಲ ಹೀಗೇ ಕೆಲಸ ಮಾಡಿವೆ. ಹಾಗಿರುವಾಗ ಮೊದಲ ದಿನ ಹಣ ಕೊಟ್ಟರೆ ಅದು ನಾಳೆ ಆಡುತ್ತೇನೆ ಅನ್ನೋ ನಂಬಿಕೆಗೆ ಕೊಟ್ಟ ಹಣ. ಕೊನೆಗೆ ಕೊಟ್ಟರೆ ಆಗಲೇ ಗಳಿಸಿದ ವಸ್ತುಗಳಿಗೆ ಕೊಟ್ಟ ಹಣ. ಮಧ್ಯದಲ್ಲಿ ಕೆಲಸ ಜಾಸ್ತಿ ಆಗಬಹುದು, ಆರೋಗ್ಯ ಕೆಡಬಹುದು, ಆಟವೇ ಬೇಜಾರಾಗಬಹುದು. ಆಗ ಸುಮ್ನೆ ಬಿಟ್ಟುಬಿಡಬಹುದು, ಏನೂ ಕಳೆದುಕೊಂಡಿರುವುದಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ಅರ್ಧ ಟಯರ್ ಮುಗಿದರೆ ಅರ್ಧ ದಾರಿ ಮುಗಿಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಕೆಲವು ಆಟಗಳಲ್ಲಿ ಎಲ್ಲ ಟಯರ್‌ಗೂ ಒಂದೇ ಅಳತೆ, ಅಲ್ಲಿ ಇದು ಸರಿ. ಅಳತೆ ಏರುತ್ತಾ ಹೋಗುವ ಆಟಗಳಲ್ಲಿ ಇದು ಪೂರ್ತಿ ತಪ್ಪು.

ವ್ಯಾಲರೆಂಟ್ ಆಟವನ್ನೇ ತೆಗೆದುಕೊಳ್ಳೋಣ. ಅಲ್ಲಿ ಆಟದ ನಾಣ್ಯಕ್ಕೆ ವಿಪಿ ಅನ್ನುತ್ತಾರೆ. ಪಾಸ್‌ನ ಬೆಲೆ 1,000 ವಿಪಿ, ಟಯರ್ 50. ಕೊನೆಯ ಟಯರ್‌ನಲ್ಲಿ ಚಾಕುವಿನ ಸ್ಕಿನ್ ಇರುತ್ತದೆ, ಬಹಳ ಜನರ ಕಣ್ಣು ಅದರ ಮೇಲೇ. ಮೊದಲ ಟಯರ್ ಸುಲಭವಾಗಿ ಸಿಗುತ್ತದೆ. ಎರಡನೆಯದಕ್ಕೆ 2,000 ಎಕ್ಸ್‌ಪಿ ಬೇಕು. ಆಮೇಲೆ ಒಂದೊಂದು ಟಯರ್‌ಗೂ 750 ಸೇರುತ್ತಾ ಹೋಗುತ್ತದೆ. ಮೂರನೆಯದಕ್ಕೆ 2,750, ನಾಲ್ಕನೆಯದಕ್ಕೆ 3,500, ಹೀಗೆ. 50ನೆಯದೊಂದಕ್ಕೇ 38,000 ಬೇಕು. ಎಲ್ಲ ಕೂಡಿಸಿದರೆ 9,80,000.

ಈಗ 25ನೇ ಟಯರ್‌ವರೆಗೆ ಕೂಡಿಸಿ ನೋಡಿ. 2,55,000 ಬರುತ್ತದೆ. ಅಂದರೆ ಒಟ್ಟು ಕೆಲಸದ ಕಾಲು ಭಾಗಕ್ಕಿಂತ ಒಂಚೂರು ಜಾಸ್ತಿ, ಅಷ್ಟೇ. ನಿಜವಾದ ಅರ್ಧ ದಾರಿ ಎಲ್ಲಿದೆ ಗೊತ್ತಾ? 35ನೇ ಟಯರ್‌ನಲ್ಲಿ. ಅಲ್ಲಿವರೆಗೆ 4,88,750 ಆಗುತ್ತದೆ. ಉಳಿದ ಹದಿನೈದು ಟಯರ್‌ಗಳಿಗೆ, ಮೊದಲ ಮೂವತ್ತೈದಕ್ಕೆ ಬಿದ್ದಷ್ಟೇ ಆಟ ಮತ್ತೆ ಬೀಳುತ್ತದೆ. ಹಾಗಾಗಿ ನಾನು ಇಟ್ಟುಕೊಂಡಿರುವ ಗುರುತು ಇದು: ಸೀಸನ್‌ನ ಅರ್ಧ ಸಮಯ ಕಳೆದಾಗ ನಾನು 35ನೇ ಟಯರ್ ಹತ್ತಿರ ಇದ್ದರೆ 50 ಮುಟ್ಟುತ್ತೇನೆ. 25ರಲ್ಲಿದ್ದರೆ ಬಹಳ ಹಿಂದಿದ್ದೇನೆ.

ಹೀಗೆ ಏರಿಸುವುದಕ್ಕೆ ಕಾರಣ ಇದೆ. ಮೊದಲ ಟಯರ್‌ಗಳು ಚಕಚಕ ಅಂತ ತೆರೆದರೆ ಆಡುವವನಿಗೆ ಉತ್ಸಾಹ ಬರುತ್ತದೆ. ಒಂದೇ ಸಂಜೆಯಲ್ಲಿ ನಾಲ್ಕೈದು ಬೀಗದ ಚಿತ್ರ ಕಂಡವನಿಗೆ ಪಾಸ್ ಕೊಳ್ಳಬೇಕು ಅನ್ನಿಸುತ್ತದೆ. ಕೊಂಡ ಮೇಲೆ ಸಾಲು ನಿಧಾನವಾಗುತ್ತದೆ, ಅಷ್ಟು ಹೊತ್ತಿಗೆ ಹಣ ಕೊಟ್ಟಾಗಿದೆ, ಬಿಡಲು ಮನಸ್ಸು ಬರುವುದಿಲ್ಲ. ಇದು ನನಗೆ ನಿಜಕ್ಕೂ ಇಷ್ಟವಾಗದ ಸಂಗತಿ, ಅದರಲ್ಲೂ ಚಿಕ್ಕವರು ಆಡುವ ಆಟಗಳಲ್ಲಿ.

ಹೋದ ಸಲ ನನ್ನ ತಮ್ಮ ಕೇಳಿದ: "ಅಣ್ಣ, ನಾಲ್ಕು ವಾರ ಆಯ್ತು, ಇನ್ನು ನಾಲ್ಕು ವಾರ ಇದೆ. 25 ಟಯರ್ ಆಗಿದೆ. ಚಾಕು ಸಿಗುತ್ತೆ ಅಲ್ವಾ? ಪಾಸ್ ತಗೊಳ್ಲಾ?"

"ತಡಿಯೋ, ಲೆಕ್ಕ ಹಾಕೋಣ" ಅಂದೆ.

ಅವನು ನಾಲ್ಕು ವಾರದಲ್ಲಿ ಗಳಿಸಿದ್ದು 2,55,000. ವಾರಕ್ಕೆ 63,750. ಇದೇ ವೇಗದಲ್ಲಿ ಇನ್ನೂ ನಾಲ್ಕು ವಾರ ಆಡಿದರೆ ಒಟ್ಟು 5,10,000 ಆಗುತ್ತದೆ. 36ನೇ ಟಯರ್ ತೆರೆಯಲು 5,16,250 ಬೇಕು. ಅಂದರೆ ಅವನು 35ರಲ್ಲಿ ನಿಲ್ಲುತ್ತಾನೆ. ಮೊದಲ ನಾಲ್ಕು ವಾರಕ್ಕೆ 25 ಟಯರ್ ಸಿಕ್ಕಿತ್ತು, ಮುಂದಿನ ನಾಲ್ಕು ವಾರಕ್ಕೆ ಹತ್ತೇ ಹತ್ತು.

ಅವನಿಗೆ ನಂಬಿಕೆ ಬರಲಿಲ್ಲ. "ಸ್ವಲ್ಪ ಜಾಸ್ತಿ ಆಡ್ತೀನಿ ಬಿಡು" ಅಂದ. ಸರಿ, ಅದನ್ನೂ ನೋಡೋಣ ಅಂತ ಕೂತೆವು. ಉಳಿದದ್ದು 7,25,000. ಅದನ್ನು 28 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 25,900. ಆ ಆಟದ ಮಾಮೂಲಿ ಮ್ಯಾಚ್‌ನಲ್ಲಿ ಗೆದ್ದ ರೌಂಡಿಗೆ 300, ಸೋತ ರೌಂಡಿಗೆ 100 ಎಕ್ಸ್‌ಪಿ. 13-7ರಲ್ಲಿ ಗೆದ್ದರೆ 4,600, ಅದೇ ಅಂತರದಲ್ಲಿ ಸೋತರೆ 3,400. ಗೆಲುವು ಸೋಲು ಸಮವಾಗಿ ಬಂದರೆ ಮ್ಯಾಚಿಗೆ 4,000 ಅಂತ ಇಟ್ಟುಕೊಳ್ಳಬಹುದು. ಆಗ ದಿನಕ್ಕೆ ಆರರಿಂದ ಏಳು ಮ್ಯಾಚ್ ಆಯಿತು. ಒಂದು ಮ್ಯಾಚ್ ಮುಗಿಯಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಅಂದರೆ ಒಂದು ದಿನವೂ ತಪ್ಪದೆ, ನಾಲ್ಕು ವಾರ, ದಿನಕ್ಕೆ ಮೂರರಿಂದ ಐದು ಗಂಟೆ.

ಆಟ ಕೊಡುವ ಸಣ್ಣ ಗುರಿಗಳಾದ ಮಿಷನ್‌ಗಳಿಂದ ಈ ಹೊರೆ ಸ್ವಲ್ಪ ಇಳಿಯುತ್ತದೆ. ವಾರದ ಮಿಷನ್‌ಗಳಲ್ಲಿ ದೊಡ್ಡ ಎಕ್ಸ್‌ಪಿ ಇರುತ್ತದೆ, ಎಷ್ಟು ಅಂತ ಪಕ್ಕದಲ್ಲೇ ಬರೆದಿರುತ್ತದೆ. ಇಲ್ಲಿ ಒಂದು ವಿಷಯ ನೋಡಬೇಕು. ಕೆಲವು ಆಟಗಳಲ್ಲಿ ಮುಗಿಸದ ಮಿಷನ್‌ಗಳು ಸೀಸನ್ ಕೊನೆವರೆಗೂ ಕಾಯುತ್ತವೆ, ಕೆಲವಲ್ಲಿ ವಾರ ಮುಗಿದೊಡನೆ ಮಾಯ. ಕಾಯುವ ಆಟದಲ್ಲಿ ನಿಮ್ಮ ಬಳಿ ಮುಗಿಸದ ಮಿಷನ್‌ಗಳು ಬಾಕಿ ಇದ್ದರೆ ಅದು ಕೂಡಿಟ್ಟ ಎಕ್ಸ್‌ಪಿ ಇದ್ದ ಹಾಗೆ. ಅದನ್ನು ಮೊದಲು ಕೂಡಿಸಿಕೊಂಡು ಆಮೇಲೆ ಲೆಕ್ಕ ಹಾಕಿ. ನನ್ನ ತಮ್ಮ ಮಿಷನ್‌ಗಳನ್ನು ಆಯಾ ವಾರವೇ ಮುಗಿಸಿದ್ದ. ಅವನ 63,750ರ ಒಳಗೇ ಅವೂ ಸೇರಿದ್ದವು. ಬಾಕಿ ಏನೂ ಇರಲಿಲ್ಲ.

ಈ ಕಾರಣಕ್ಕೇ ನಾನು ಮ್ಯಾಚಿನ ಲೆಕ್ಕಕ್ಕಿಂತ ಹಿಂದಿನ ವಾರಗಳ ವೇಗವನ್ನು ಹೆಚ್ಚು ನಂಬುತ್ತೇನೆ. ಅದರಲ್ಲಿ ಮಿಷನ್, ಆಡದೆ ಬಿಟ್ಟ ದಿನ, ಬೇಗ ಮುಗಿದ ಮ್ಯಾಚ್ ಎಲ್ಲವೂ ಸೇರಿರುತ್ತದೆ. ಮುಂದೆ ಜಾಸ್ತಿ ಆಡುತ್ತೇನೆ ಅನ್ನುವ ಮಾತು ಅದರಲ್ಲಿ ಇರುವುದಿಲ್ಲ.

ಇನ್ನೊಂದು ದಾರಿ ಟಯರ್‌ಗಳನ್ನೇ ಕೊಳ್ಳುವುದು. ಅದೇ ಆಟದಲ್ಲಿ ಒಂದು ಟಯರ್‌ಗೆ 300 ವಿಪಿ. 35ರಿಂದ 50ಕ್ಕೆ ಹದಿನೈದು ಟಯರ್, 4,500 ವಿಪಿ. ಪಾಸ್‌ನ ಬೆಲೆಯ ನಾಲ್ಕೂವರೆ ಪಟ್ಟು! ಅಷ್ಟು ಕೊಡುವುದಾದರೆ ಅಂಗಡಿಯಲ್ಲಿ ಬೇರೆ ಸ್ಕಿನ್ ನೇರವಾಗಿ ಕೊಳ್ಳುವುದು ಮೇಲು. ಆದರೆ ಒಂದು ಸಂದರ್ಭದಲ್ಲಿ ಮಾತ್ರ ನಾನು ಇದಕ್ಕೆ ಒಪ್ಪುತ್ತೇನೆ. ಎರಡನೇ ಟಯರ್‌ಗೂ 300, 50ನೆಯದಕ್ಕೂ 300. ಎರಡನೇ ಟಯರ್ ಕೊಂಡರೆ ಅರ್ಧ ಮ್ಯಾಚಿನಷ್ಟು ಆಟ ಉಳಿಯುತ್ತದೆ, 50ನೆಯದು ಕೊಂಡರೆ ಒಂಬತ್ತು ಹತ್ತು ಮ್ಯಾಚ್ ಉಳಿಯುತ್ತದೆ. 49 ಮುಟ್ಟಿ ಸಮಯ ಮುಗಿಯುತ್ತಾ ಬಂದಿದ್ದರೆ ಆ ಒಂದನ್ನು ಕೊಳ್ಳುವುದರಲ್ಲಿ ಅರ್ಥ ಇದೆ. ಸೀಸನ್ ಆರಂಭದಲ್ಲಿ ಟಯರ್ ಕೊಳ್ಳುವುದು ಹಣ ಚೆಲ್ಲಿದಂತೆ. ಹಾಗಾಗಿ "ಪಾಸ್ ಜೊತೆಗೆ ಇಷ್ಟು ಟಯರ್ ಸೇರಿ" ಅಂತ ಶುರುವಿನಲ್ಲೇ ಮಾರುವ ದೊಡ್ಡ ಪೊಟ್ಟಣಗಳನ್ನು ನಾನು ಮುಟ್ಟುವುದಿಲ್ಲ.

ಕೊನೆಗೆ ನಾವು ಪ್ರಶ್ನೆಯನ್ನೇ ಬದಲಿಸಿದೆವು. ಚಾಕು ಸಿಗುತ್ತದಾ ಅನ್ನುವುದನ್ನು ಬಿಟ್ಟು, 35ರವರೆಗೆ ಇರುವುದರಲ್ಲಿ 1,000 ವಿಪಿ ಕೊಡುವಂಥದ್ದು ಏನಿದೆ ಅಂತ ನೋಡಿದೆವು. ಪಾಸ್‌ನ ಪುಟದಲ್ಲಿ ಒಂದೊಂದೇ ಟಯರ್ ಸರಿಸುತ್ತಾ ಹೋದೆವು. ಸ್ಪ್ರೇ, ಕಾರ್ಡ್, ಬಿರುದು ಇಂಥವನ್ನು ಅವನು ಬಳಸುವುದೇ ಇಲ್ಲ, ಅವನ್ನು ಬಿಟ್ಟೆವು. ಬಂದೂಕಿನ ಸ್ಕಿನ್‌ಗಳಲ್ಲಿ ಅವನು ದಿನಾ ಹಿಡಿಯುವ ಬಂದೂಕು ಒಂದೂ ಇರಲಿಲ್ಲ. ಪಾಸ್ ಕೊಳ್ಳಲಿಲ್ಲ. ಅಲ್ಲಿ ಐದು ಟಯರ್‌ಗೆ ಒಂದು ಅಧ್ಯಾಯ, ಅಧ್ಯಾಯ ಮುಗಿದಾಗ ಉಚಿತ ಬಹುಮಾನ. 35ರವರೆಗಿನ ಏಳು ಅಧ್ಯಾಯಗಳದ್ದು ಅವನಿಗೆ ಹೇಗೂ ಸಿಕ್ಕಿತು.

ಈ ಲೆಕ್ಕ ಎಲ್ಲ ಆಟಕ್ಕೂ ಹೀಗೇ ಹೊಂದುವುದಿಲ್ಲ. ಹೇಲೋ ಇನ್ಫಿನಿಟ್‌ನಲ್ಲಿ ಕೊಂಡ ಪಾಸ್‌ಗೆ ಅವಧಿಯೇ ಇಲ್ಲ. ಹೆಲ್‌ಡೈವರ್ಸ್ 2ರ ವಾರ್‌ಬಾಂಡ್ ಅನ್ನುವ ಪಾಸ್‌ಗಳೂ ಹಾಗೇ. ಅಲ್ಲಿ ಯಾವಾಗ ಕೊಂಡರೂ ನಿಧಾನವಾಗಿ ಮುಗಿಸಬಹುದು, ವಾರದ ವೇಗ ನೋಡುವ ಅಗತ್ಯವಿಲ್ಲ. ಇಂಥ ಪಾಸ್ ನನಗೆ ತುಂಬಾ ಇಷ್ಟ. ಕೆಲವು ಆಟಗಳು ಪಾಸ್ ಕೊಂಡವರಿಗೆ ಸ್ವಲ್ಪ ಹೆಚ್ಚು ಎಕ್ಸ್‌ಪಿ ಕೊಡುತ್ತವೆ. ಅಲ್ಲಿ ತಡವಾಗಿ ಕೊಂಡರೆ ಅಷ್ಟು ನಷ್ಟ ಆಗುತ್ತದೆ, ಅದು ಎಷ್ಟು ಅಂತ ನೋಡಿಕೊಳ್ಳಿ. ಇನ್ನು ಫೋರ್ಟ್‌ನೈಟ್‌ನಂಥ ಆಟಗಳಲ್ಲಿ ಪಾಸ್‌ನ ಸಾಲಿನಲ್ಲೇ ಆಟದ ನಾಣ್ಯ ವಾಪಸ್ ಬರುತ್ತದೆ. ಅಲ್ಲಿ ನಾನು ಹುಡುಕುವುದು ಒಂದೇ ಟಯರ್: ಕೊಟ್ಟ ನಾಣ್ಯ ಪೂರ್ತಿ ವಾಪಸ್ ಬರುವುದು ಎಲ್ಲಿ? ನನ್ನ ವೇಗ ಅಲ್ಲಿವರೆಗೆ ಒಯ್ಯುವಂತಿದ್ದರೆ ಮುಂದಿನ ಪಾಸ್‌ಗೂ ಅದೇ ನಾಣ್ಯ ಸಾಕು.

ಕೊನೆಗೆ ಕೊಳ್ಳುತ್ತೇನೆ ಅಂದೆನಲ್ಲ, ಕೊನೆಯ ದಿನ ಅಂತ ಅರ್ಥ ಅಲ್ಲ. ಪರದೆಯಲ್ಲಿ "ಇನ್ನು 1 ದಿನ" ಅಂತ ಇದ್ದರೂ ಅದು ಮಧ್ಯರಾತ್ರಿಗೇ ಮುಗಿಯಬೇಕು ಅಂತೇನಿಲ್ಲ. ಸರ್ವರ್‌ನ ಸಮಯದ ಪ್ರಕಾರ ಮುಗಿಯುತ್ತದೆ, ಎಷ್ಟೋ ಸಲ ಹೊಸ ಅಪ್‌ಡೇಟ್‌ಗಾಗಿ ಸರ್ವರ್ ಅದಕ್ಕೂ ಮುಂಚೆ ನಿಲ್ಲುತ್ತದೆ. ಆ ಹೊತ್ತಿಗೆ ಹಣ ಪಾವತಿ ಸಿಕ್ಕಿಕೊಂಡರೆ ಸರಿಪಡಿಸಲು ಸಮಯ ಇರುವುದಿಲ್ಲ. ನಾನು ಮೂರ್ನಾಲ್ಕು ದಿನ ಉಳಿದಿರುವಾಗಲೇ ಕೊಳ್ಳುತ್ತೇನೆ. ಕೊಂಡ ತಕ್ಷಣ ಹಣದ ಸಾಲಿನಲ್ಲಿ ಹಿಂದಿನ ಟಯರ್‌ಗಳ ಬೀಗ ತೆರೆದಿದೆಯಾ ಅಂತ ನೋಡುತ್ತೇನೆ. ಕೆಲವು ಆಟಗಳಲ್ಲಿ ಬೀಗ ತೆರೆದರೂ ಬಹುಮಾನ ತಾನಾಗಿ ಬರುವುದಿಲ್ಲ, ಒಂದೊಂದನ್ನೂ ಒತ್ತಿ ತೆಗೆದುಕೊಳ್ಳಬೇಕು. ಅದನ್ನೂ ಆಗಲೇ ಮುಗಿಸಿ, ನನ್ನ ಸಂಗ್ರಹದಲ್ಲಿ ಬಂದಿವೆಯಾ ಅಂತ ಒಮ್ಮೆ ತೆರೆದು ನೋಡಿಬಿಡುತ್ತೇನೆ.