ಕೆಳತುದಿ ಒಳಕ್ಕೆ ತಿರುಗಿದ್ದ ಮೂತ್ರಪಿಂಡಗಳು

ಮಂಡ್ಯದಲ್ಲಿ ಅಲ್ಟ್ರಾಸೌಂಡ್ ಪರೀಕ್ಷೆ ಮಾಡುವ ನನ್ನ ಬಳಿಗೆ ಮದ್ದೂರು ಕಡೆಯ ಯುವಕರೊಬ್ಬರು ಎಡಪಕ್ಕೆಯ ನೋವೆಂದು ಬಂದಿದ್ದರು. ಎಡ ಮೂತ್ರಪಿಂಡದಲ್ಲಿ ಮೂತ್ರ ನಿಂತು ಒಳಭಾಗ ಹಿಗ್ಗಿತ್ತು, ಸಣ್ಣದೊಂದು ಕಲ್ಲೂ ಇತ್ತು. ನೋವಿಗೆ ಇಷ್ಟು ಕಾರಣ ಸಾಕಾಗಿದ್ದರೂ ಅದರ ಕೆಳತುದಿ ಮಾತ್ರ ನನಗೆ ಸಿಗಲಿಲ್ಲ. ಸಾಮಾನ್ಯವಾಗಿ ಮೂತ್ರಪಿಂಡದ ಕೆಳತುದಿ ಮೇಲ್ತುದಿಗಿಂತ ಬೆನ್ನುಮೂಳೆಯಿಂದ ದೂರವಿರುತ್ತದೆ. ಇವರಲ್ಲಿ ಎರಡೂ ಕಡೆಯ ಕೆಳತುದಿಗಳು ಬೆನ್ನುಮೂಳೆಯತ್ತ ಬಾಗಿದ್ದವು.

ಪ್ರೋಬನ್ನು ಹೊಕ್ಕುಳಿನ ತುಸು ಮೇಲೆ ಅಡ್ಡಲಾಗಿಟ್ಟಾಗ ಕರುಳಿನ ಗಾಳಿ ನೋಟವನ್ನು ಮರೆಮಾಡಿತು. ಆದ್ದರಿಂದ ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಹೇಳಿ, ಪ್ರೋಬನ್ನು ಮೆಲ್ಲನೆ ಒತ್ತಿ ಕರುಳನ್ನು ಸರಿಸಿ ನೋಡಿದೆ. ಹೃದಯದಿಂದ ಇಳಿದು ಬರುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಮುಂದೆ ಅಡ್ಡಲಾಗಿ ಹಾದುಹೋದ ಒಂದು ಪಟ್ಟಿ ಕಂಡಿತು. ಅಂಥ ಪಟ್ಟಿಯನ್ನು ಊದಿದ ದುಗ್ಧಗ್ರಂಥಿಗಳೆಂದು ತಪ್ಪು ತಿಳಿಯುವ ಸಂಭವವಿರುವುದರಿಂದ, ಅದು ಎರಡೂ ಮೂತ್ರಪಿಂಡಗಳೊಳಗೆ ಕಡಿಯದೆ ಮುಂದುವರಿಯುತ್ತದೆಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ, ಕೆಳತುದಿಗಳು ಕೂಡಿಕೊಂಡ ಲಾಳಾಕಾರದ ಮೂತ್ರಪಿಂಡವೆಂದು ಬರೆದೆ.

ಭ್ರೂಣದ 5ನೆಯ ವಾರದಲ್ಲಿ ಮೂತ್ರನಾಳದ ಮೊಗ್ಗು ಶ್ರೋಣಿಯಲ್ಲಿ, ಅಂದರೆ ಕಿಬ್ಬೊಟ್ಟೆಯ ತಳದ ಮೂಳೆಗೂಡಿನ ಭಾಗದಲ್ಲಿ, ಇರುವ ಅಂಗಾಂಶದೊಳಗೆ ಹೊಕ್ಕಾಗ ಶಾಶ್ವತ ಮೂತ್ರಪಿಂಡ ರೂಪುಗೊಳ್ಳತೊಡಗುತ್ತದೆ. ಆಗ ಎರಡೂ ಮೂತ್ರಪಿಂಡಗಳು ಒಂದರ ಪಕ್ಕ ಒಂದಿರುತ್ತವೆ. 6ರಿಂದ 9ನೆಯ ವಾರದೊಳಗೆ ಅವು ಮೇಲಕ್ಕೆ ಏರುತ್ತವೆ. ನಿಜವಾಗಿ ನೋಡಿದರೆ ಭ್ರೂಣದ ಬಾಗು ನೇರವಾಗಿ, ಅವುಗಳ ಕೆಳಗಿನ ದೇಹಭಾಗ ಬೆಳೆಯುವುದೇ ಈ ಏರಿಕೆಗೆ ಬಹುಮಟ್ಟಿಗೆ ಕಾರಣ. ಏರುತ್ತ ಹೋದಂತೆ ಕೆಳಗಿನ ರಕ್ತನಾಳಗಳು ಅಳಿದು ಮೇಲಿನವು ಹುಟ್ಟುತ್ತವೆ, ಮುಂದಕ್ಕೆ ಮುಖ ಮಾಡಿದ್ದ ಪಿಂಡ ಒಳಬದಿಗೆ ತಿರುಗುತ್ತದೆ. ಏರಿಕೆ ಆರಂಭದಲ್ಲಿಯೇ ನಿಂತರೆ ಪಿಂಡ ಶ್ರೋಣಿಯಲ್ಲಿಯೇ ಉಳಿಯುತ್ತದೆ. ಹೀಗಾಗಿ ಪಕ್ಕೆಯಲ್ಲಿ ಒಂದು ಮೂತ್ರಪಿಂಡ ಕಾಣದಿದ್ದರೆ, ಮೂತ್ರಕೋಶ ತುಂಬಿಸಿ ಅದರ ಹಿಂದೆಯೂ ಮೇಲೂ ಹುಡುಕದೆ ನಾನು ‘ಇಲ್ಲ’ ಎಂದು ಬರೆಯುವುದಿಲ್ಲ.

ಏರುವ ಮೊದಲೇ ಕೆಳತುದಿಗಳು ಕೂಡಿಕೊಂಡರೆ ಲಾಳದ ಆಕಾರ ಬರುತ್ತದೆ. ಕೂಡಿದ ಪಟ್ಟಿಯನ್ನು ಮಹಾಪಧಮನಿಯ ಮುಂಭಾಗದಿಂದ ಹೊರಡುವ ಕೆಳ ಕರುಳಪಧಮನಿ ಸೊಂಟದ 3ನೆಯ ಕಶೇರುವಿನ ಮಟ್ಟದಲ್ಲಿ ತಡೆಯುತ್ತದೆಂಬುದು ರೂಢಿಯ ವಿವರಣೆ. ತಿರುಗುವಿಕೆಯೂ ಅರ್ಧಕ್ಕೆ ನಿಲ್ಲುವುದರಿಂದ ಮೂತ್ರನಾಳ ಪಿಂಡದ ಮುಂಬದಿಯಿಂದ ಹೊರಟು ಪಟ್ಟಿಯನ್ನು ಹಾಯ್ದು ಇಳಿಯಬೇಕಾಗುತ್ತದೆ. ಮೂತ್ರ ನಿಲ್ಲುವುದಕ್ಕೂ ಕಲ್ಲು ಕಟ್ಟುವುದಕ್ಕೂ ಇದು ದಾರಿ ಮಾಡಿಕೊಡುತ್ತದೆ.

‘ಆಪರೇಷನ್ ಮಾಡಿ ಬಿಡಿಸಬೇಕಾ ಡಾಕ್ಟ್ರೇ?’ ಎಂದು ಅವರ ತಾಯಿ ಕೇಳಿದರು. ಕೂಡಿಕೊಂಡಿರುವುದೇ ಕಾಯಿಲೆಯಲ್ಲ, ಎಡಗಡೆ ಮೂತ್ರ ಸರಾಗವಾಗಿ ಇಳಿಯುತ್ತಿದೆಯೇ ಎಂಬುದನ್ನು ಮಾತ್ರ ತಿಳಿಯಬೇಕಮ್ಮ ಎಂದು ಹೇಳಿ, ಮೈಸೂರಿನ ಮೂತ್ರರೋಗ ತಜ್ಞರ ಬಳಿಗೆ ಕಳುಹಿಸಿದೆ. ಇಂಥ ಮೂತ್ರಪಿಂಡಕ್ಕೆ ಹಲವು ಕಡೆಗಳಿಂದ ರಕ್ತನಾಳಗಳು ಬರಬಹುದಾದ್ದರಿಂದ, ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಸಿ.ಟಿ.ಯಲ್ಲಿ ಅವುಗಳನ್ನು ಗುರುತಿಸಿಕೊಳ್ಳಬೇಕೆಂದು ವರದಿಯಲ್ಲಿ ಸೇರಿಸಿದೆ.