ಮಳೆಗಾಲ ದಾಟುವ ಸೋಲಾರ್: ಬ್ಯಾಟರಿ, ಕಂಟ್ರೋಲರ್ ಆರಿಸುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಗುಡ್ಡದ ಮೇಲಿಂದ ಅಬ್ಬಿ ನೀರು ಬರುತ್ತದೆ. ಮೇಲೊಂದು ಟ್ಯಾಂಕ್ ಇದೆ, ಅಲ್ಲಿಗೆ ಕರೆಂಟಿನ ಲೈನ್ ಇಲ್ಲ. ಸಂಜೆ ಉರಿಯಲು ಒಂದು 5 ವ್ಯಾಟ್‌ನ ಎಲ್‌ಇಡಿ ದೀಪ, ನೀರಿನ ಮಟ್ಟವನ್ನು ರೇಡಿಯೋ ಮೂಲಕ ಮನೆಗೆ ತಿಳಿಸುವ ಒಂದು ಸೆನ್ಸರ್, ಬೇಕಿದ್ದದ್ದು ಇಷ್ಟೇ. ಮೊದಲ ಸಲ ಅಂಗಡಿಯವರು ಕೊಟ್ಟ 12 ವೋಲ್ಟ್ 7 ಎಎಚ್, ಅಂದರೆ 7 ಆಂಪ್-ಅವರ್ ಬ್ಯಾಟರಿ, 20 ವ್ಯಾಟ್ ಪ್ಯಾನೆಲ್, ಇವೆರಡರ ನಡುವೆ ಚಾರ್ಜನ್ನು ನಿಯಂತ್ರಿಸುವ ಒಂದು ಅಗ್ಗದ ಕಂಟ್ರೋಲರ್ ತಂದು ಹಾಕಿದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆಯಿತು. ಎರಡನೇ ಮಳೆಗಾಲಕ್ಕೆ ಬ್ಯಾಟರಿ ಸತ್ತಿತ್ತು. ಬಿಸಿಲಿನಲ್ಲಿ ಚಾರ್ಜ್ ಆದಂತೆ ಕಾಣುತ್ತಿತ್ತು, ದೀಪ ಹಚ್ಚಿದ ಅರ್ಧ ಗಂಟೆಗೆ ವೋಲ್ಟೇಜ್ 11ಕ್ಕೆ ಕುಸಿಯುತ್ತಿತ್ತು. ಅದರ ಕಾರಣ ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಖರ್ಚು ಅಳೆಯಿರಿ

ದೀಪ ದಿನಕ್ಕೆ 4 ಗಂಟೆ ಉರಿದರೆ 20 ವ್ಯಾಟ್-ಅವರ್. ಸೆನ್ಸರ್ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆ, ಆದರೂ ಇಡೀ ದಿನ ಮೀಟರ್ ಹಾಕಿ ನೋಡಿದಾಗ ನಮ್ಮದು ಸರಾಸರಿ 20 ಮಿಲಿಆಂಪ್ ಎಳೆಯುತ್ತಿತ್ತು. ಹಗಲು ರಾತ್ರಿ ಸೇರಿ ಅದು 6 ವ್ಯಾಟ್-ಅವರ್. ಜನ ಮರೆಯುವುದು ಕಂಟ್ರೋಲರ್ ತಾನೇ ತಿನ್ನುವ ಕರೆಂಟನ್ನು. 10 ಮಿಲಿಆಂಪ್ ಎಂದರೂ ದಿನಕ್ಕೆ 3 ವ್ಯಾಟ್-ಅವರ್, ಅಂದರೆ ಸೆನ್ಸರ್ ತಿನ್ನುವುದರ ಅರ್ಧ. ಒಟ್ಟು ದಿನಕ್ಕೆ 30 ಎಂದಿಟ್ಟುಕೊಳ್ಳೋಣ.

ಬ್ಯಾಟರಿ: ಮೂರು ದಿನದ ಮೋಡ

ಜುಲೈನಲ್ಲಿ ನಮ್ಮಲ್ಲಿ ಮೂರು ದಿನ ಸೂರ್ಯನ ಮುಖವೇ ಕಾಣದಿರುವುದು ಮಾಮೂಲು. ಹಾಗಾಗಿ 90 ವ್ಯಾಟ್-ಅವರ್ ಕೈಯಲ್ಲಿರಬೇಕು. 7 ಎಎಚ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ, 12 ವೋಲ್ಟಿನಿಂದ ಗುಣಿಸಿದರೆ, ಇರುವುದೇ 84. ಲೆಡ್ ಆಸಿಡ್ ಬಾಳಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಲ್ಲಿಗೆ ಸಿಗುವುದು 42, ಒಂದೂವರೆ ದಿನಕ್ಕೂ ಸಾಲದು. ನಮ್ಮದು ಸತ್ತದ್ದು ಇದೇ ಕಾರಣಕ್ಕೆ. ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಉಳಿದ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಬಿಸಿಲು ಕೊಟ್ಟರೂ ಅದು ಪೂರ್ತಿ ಕರಗುವುದಿಲ್ಲ.

ಲೆಡ್ ಆಸಿಡ್ಡೇ ಸಾಕು ಎನ್ನುವವರು 18 ಎಎಚ್ ತೆಗೆದುಕೊಳ್ಳಿ. ಆದರೆ ಮಲೆನಾಡಿಗೆ ನಾನು ಹೇಳುವುದು ಲಿಥಿಯಂ ಐರನ್ ಫಾಸ್ಫೇಟ್. ಅದನ್ನು ನೂರಕ್ಕೆ ಎಂಬತ್ತರಷ್ಟು ಖಾಲಿ ಮಾಡಬಹುದು, ಅರ್ಧ ಚಾರ್ಜಿನಲ್ಲಿ ತಿಂಗಳು ಕೂತರೂ ಅದಕ್ಕೆ ತೊಂದರೆಯಿಲ್ಲ. 12.8 ವೋಲ್ಟ್ 12 ಎಎಚ್ ಪ್ಯಾಕಿನಲ್ಲಿ ಸುಮಾರು 150 ವ್ಯಾಟ್-ಅವರ್ ಇದೆ, ಬಳಸಲು 120 ಸಿಗುತ್ತದೆ. ಒಳಗೆ ಸೆಲ್‌ಗಳು ಅತಿಯಾಗಿ ತುಂಬದಂತೆ, ಬರಿದಾಗದಂತೆ ಕಾಯುವ ಬಿಎಂಎಸ್ ಸರ್ಕ್ಯೂಟ್ ಇದೆಯೇ ಎಂದು ಕೇಳಿಯೇ ಕೊಳ್ಳಿ.

ಇಲ್ಲೊಂದು ಅಪಾಯವಿದೆ. ಅಂಗಡಿಗಳಲ್ಲಿ ‘12 ವೋಲ್ಟ್ ಲಿಥಿಯಂ’ ಎಂದು ಮಾರುವ ಪ್ಯಾಕುಗಳಲ್ಲಿ ಎರಡು ಜಾತಿ. ನಾಲ್ಕು ಸೆಲ್‌ಗಳ ಫಾಸ್ಫೇಟ್ ಪ್ಯಾಕ್ 14.4 ವೋಲ್ಟಿಗೆ ತುಂಬುತ್ತದೆ. ಮೂರು ಸೆಲ್‌ಗಳ ಸಾಮಾನ್ಯ ಲಿಥಿಯಂ ಅಯಾನ್ ಪ್ಯಾಕ್ 12.6ಕ್ಕೇ ತುಂಬುತ್ತದೆ. ಎರಡನೆಯದನ್ನು ಲೆಡ್ ಆಸಿಡ್ ಕಂಟ್ರೋಲರಿಗೆ ಕಟ್ಟಿದರೆ ಪ್ರತಿ ಸೆಲ್‌ಗೆ 4.8 ವೋಲ್ಟ್ ನುಗ್ಗುತ್ತದೆ. ಬಿಎಂಎಸ್ ಕೈಕೊಟ್ಟರೆ ಬೆಂಕಿ. ಲೇಬಲ್‌ನಲ್ಲಿ 12.8 ಇದೆಯೋ 11.1 ಇದೆಯೋ ನೋಡದೆ ದುಡ್ಡು ಕೊಡಬೇಡಿ.

ಕಂಟ್ರೋಲರ್: ಆಂಪ್‌ಗಿಂತ ಕಟಾಫ್ ಮುಖ್ಯ

ಅಂಗಡಿಯಲ್ಲಿ ಎಲ್ಲರೂ ಮಾತಾಡುವುದು ಆಂಪ್ ಬಗ್ಗೆ. ನಮ್ಮಂಥ ಸಣ್ಣ ವ್ಯವಸ್ಥೆಗೆ ಅದು ಸಮಸ್ಯೆಯೇ ಅಲ್ಲ. 40 ವ್ಯಾಟ್ ಪ್ಯಾನೆಲ್ ಕೊಡುವುದು ಸುಮಾರು ಎರಡೂವರೆ ಆಂಪ್, 5 ಆಂಪ್ ಕಂಟ್ರೋಲರ್ ಧಾರಾಳ ಸಾಕು. ಕೇಳಬೇಕಾದ ಪ್ರಶ್ನೆ ಬೇರೆ: ಬ್ಯಾಟರಿ ಎಷ್ಟಕ್ಕೆ ಇಳಿದಾಗ ಇದು ದೀಪ ಆರಿಸುತ್ತದೆ, ಆ ಅಂಕಿಯನ್ನು ನಾವು ಬದಲಿಸಬಹುದೇ?

ಅಗ್ಗದ ಕಂಟ್ರೋಲರುಗಳು ಹೆಚ್ಚಾಗಿ 10.7 ವೋಲ್ಟಿಗೆ ಕಟಾಫ್ ಆಗುವಂತೆ ಬರುತ್ತವೆ. ಭಾರೀ ಲೋಡ್ ಎಳೆಯುವಾಗ ಅದು ಸರಿಯಿರಬಹುದು. ಅರ್ಧ ಆಂಪ್ ಕೂಡ ಎಳೆಯದ ದೀಪಕ್ಕೆ 10.7 ಎಂದರೆ ಬ್ಯಾಟರಿ ಪೂರ್ತಿ ಬರಿದಾದ ಮೇಲೆ ಎಂದರ್ಥ. ಹಗುರ ಲೋಡಿನಲ್ಲಿ ಲೆಡ್ ಆಸಿಡ್ 12 ವೋಲ್ಟಿಗೆ ಬರುವಷ್ಟರಲ್ಲೇ ಅರ್ಧ ಖಾಲಿಯಾಗಿರುತ್ತದೆ. ಆದ್ದರಿಂದ ಕಟಾಫನ್ನು 12ರ ಆಸುಪಾಸಿಗೆ ಏರಿಸಿ. ಫಾಸ್ಫೇಟ್ ಪ್ಯಾಕಿಗೂ 12 ಸರಿಹೋಗುತ್ತದೆ. ಅದಕ್ಕೆ ಫುಲ್ ಚಾರ್ಜ್ 14.4, ತುಂಬಿದ ಮೇಲೆ ಹಿಡಿದಿಡುವ ಫ್ಲೋಟ್ 13.5 ಇಟ್ಟು, ಲೆಡ್ ಆಸಿಡ್ಡಿಗೆಂದು ಇರುವ ಈಕ್ವಲೈಸ್ ಎಂಬ ಹೆಚ್ಚು ವೋಲ್ಟೇಜಿನ ಚಾರ್ಜನ್ನು ಬಂದ್ ಮಾಡಬೇಕು. ಈ ಅಂಕಿಗಳನ್ನು ಕೈಯಾರೆ ಹಾಕಲು ಬಿಡದ ಕಂಟ್ರೋಲರನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕಂಟ್ರೋಲರುಗಳಲ್ಲಿ ಎರಡು ಬಗೆ: ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜಿಗೇ ಎಳೆದು ಚಾರ್ಜ್ ಮಾಡುವ ಪಿಡಬ್ಲ್ಯುಎಂ, ಪ್ಯಾನೆಲ್ ಅತಿ ಹೆಚ್ಚು ಶಕ್ತಿ ಕೊಡುವ ವೋಲ್ಟೇಜಿನಲ್ಲೇ ಅದನ್ನು ದುಡಿಸುವ ಎಂಪಿಪಿಟಿ. ಯಾವುದು ಬೇಕು ಎಂದರೆ, 40 ವ್ಯಾಟಿಗೆ ಪಿಡಬ್ಲ್ಯುಎಂ ಸಾಕು. ಎಂಪಿಪಿಟಿಯಿಂದ ಸಿಗುವ ಹೆಚ್ಚುವರಿ ಕರೆಂಟಿನ ಬೆಲೆಗೆ ಪ್ಯಾನೆಲನ್ನೇ ದೊಡ್ಡದು ಮಾಡಬಹುದು. ಹಾಗೂ ಎಂಪಿಪಿಟಿ ಕೊಂಡರೆ ಅದು ಅಸಲಿಯೇ ಎಂದು ನೋಡಿಕೊಳ್ಳಿ, ಹೆಸರು ಮಾತ್ರ ಅಚ್ಚು ಹಾಕಿದ ಪಿಡಬ್ಲ್ಯುಎಂಗಳು ಬೇಕಾದಷ್ಟಿವೆ. ಬ್ಯಾಟರಿ ಅರ್ಧ ಖಾಲಿಯಿದ್ದು ಬಿಸಿಲು ಚೆನ್ನಾಗಿರುವಾಗ ಪ್ಯಾನೆಲ್ ವೈರುಗಳ ನಡುವೆ ಮಲ್ಟಿಮೀಟರ್ ಇಡಿ. 17-18 ವೋಲ್ಟ್ ತೋರಿಸಿದರೆ ಅಸಲಿ. ಬ್ಯಾಟರಿಯ ವೋಲ್ಟೇಜಿಗೇ, ಅಂದರೆ 13ರ ಹತ್ತಿರ ಇಳಿದಿದ್ದರೆ ನಿಮ್ಮ ಕೈಲಿರುವುದು ಪಿಡಬ್ಲ್ಯುಎಂ.

ಪ್ಯಾನೆಲ್ ಲೆಕ್ಕ ಚಿಕ್ಕದು. ಮಳೆಗಾಲದ ಒಂದು ದಿನಕ್ಕೆ ಎರಡೂವರೆ ಗಂಟೆಯ ಪೂರ್ಣ ಬಿಸಿಲು ಎಂದು ಹಿಡಿದು, ಧೂಳು, ಪಾಚಿ, ನಷ್ಟ ಕಳೆದರೆ 40 ವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 50 ವ್ಯಾಟ್-ಅವರ್ ಕೊಡುತ್ತದೆ. ಖರ್ಚು 30, ಉಳಿದ 20ರಲ್ಲಿ ಮೂರು ದಿನದ ಕೊರತೆ ಐದು ದಿನದೊಳಗೆ ತುಂಬುತ್ತದೆ. 20 ವ್ಯಾಟಿನದ್ದು ಖರ್ಚನ್ನೂ ಪೂರ್ತಿ ತೂಗಿಸುವುದಿಲ್ಲ. ಅಡಿಕೆ ಸೋಗೆಯ ನೆರಳು ಒಂದು ಸಾಲು ಸೆಲ್‌ಗಳ ಮೇಲೆ ಬಿದ್ದರೂ ಕರೆಂಟ್ ಕುಸಿಯುತ್ತದೆ, ಹಾಗಾಗಿ ಕಂಬ ಎಲ್ಲಿ ಎಂಬುದನ್ನು ಮೊದಲೇ ನಿಂತು ನೋಡಿ ನಿರ್ಧರಿಸಿ.

ಕಟ್ಟುವ ಕ್ರಮ

ಮೊದಲು ಬ್ಯಾಟರಿ, ನಂತರ ಪ್ಯಾನೆಲ್, ಕೊನೆಗೆ ದೀಪ. ಬಿಚ್ಚುವಾಗ ತಿರುಗಾಮುರುಗಾ. ಬ್ಯಾಟರಿ ನೋಡಿಯೇ ಕಂಟ್ರೋಲರ್ ಇದು 12 ವೋಲ್ಟಿನದೋ 24ರದೋ ಎಂದು ತಿಳಿಯುತ್ತದೆ. ಪ್ಯಾನೆಲನ್ನೇ ಮೊದಲು ಕಟ್ಟಿದರೆ ಅದರ 21 ವೋಲ್ಟ್ ನೋಡಿ ದಾರಿ ತಪ್ಪಬಹುದು. ಬ್ಯಾಟರಿಯ ಪ್ಲಸ್ ವೈರಿನಲ್ಲಿ, ಬ್ಯಾಟರಿಗೆ ಆದಷ್ಟು ಹತ್ತಿರದಲ್ಲೇ 5 ಆಂಪ್ ಫ್ಯೂಸ್ ಇರಲಿ.

ದೀಪವನ್ನು ಕಂಟ್ರೋಲರಿನ ಲೋಡ್ ಟರ್ಮಿನಲ್‌ಗೆ ಕಟ್ಟಿ, ಕತ್ತಲಾದಾಗ ಹೊತ್ತಿ 4 ಗಂಟೆ ಉರಿದು ಆರುವಂತೆ ಟೈಮರ್ ಇಡಿ. ಸೆನ್ಸರನ್ನು ಅಲ್ಲಿಗೇ ಕಟ್ಟಿದರೆ ಹಗಲಿಡೀ ಅದಕ್ಕೂ ಕರೆಂಟ್ ಇರುವುದಿಲ್ಲ. ಅದಕ್ಕೆ ಬೇರೆ ಸಣ್ಣ ಫ್ಯೂಸ್ ಹಾಕಿ ನೇರ ಬ್ಯಾಟರಿಗೆ ಕೊಡಿ. ಬ್ಯಾಟರಿ ಇಳಿದಾಗ ಮೊದಲು ದೀಪ ಆರುತ್ತದೆ, ನೀರಿನ ಮಟ್ಟದ ಸುದ್ದಿ ಬರುತ್ತಲೇ ಇರುತ್ತದೆ. ದೀಪದ ಮೈನಸನ್ನೂ ಸೆನ್ಸರಿನ ಮೈನಸನ್ನೂ ಒಂದೇ ಕಂಬಕ್ಕೋ ತಗಡಿಗೋ ಸೇರಿಸಬೇಡಿ. ಹಲವು ಕಂಟ್ರೋಲರುಗಳು ಮೈನಸ್ ಕಡೆಯಿಂದಲೇ ದೀಪ ಆರಿಸುತ್ತವೆ, ಎರಡೂ ಸೇರಿದರೆ ದೀಪ ಆರುವುದೇ ಇಲ್ಲ.

ಬಳಿಕ ಮಳೆಗಾಲದಲ್ಲಿ ಒಂದನ್ನೇ ಗಮನಿಸಿದರೆ ಸಾಕು: ಸಂಜೆಯೊಳಗೆ ವೋಲ್ಟೇಜ್ 14.4 ಮುಟ್ಟಿತೇ? ವಾರದಲ್ಲಿ ಒಂದೆರಡು ದಿನ ಮುಟ್ಟುತ್ತಿದ್ದರೆ ಚಿಂತೆಯಿಲ್ಲ. ವಾರವಿಡೀ ಮುಟ್ಟದಿದ್ದರೆ ಪ್ಯಾನೆಲಿನ ಪಾಚಿ ಒರೆಸಿ, ದೀಪದ ಟೈಮರನ್ನು 4ರಿಂದ 2 ಗಂಟೆಗೆ ಇಳಿಸಿ. ನಾವು ಜುಲೈ, ಆಗಸ್ಟ್‌ಗಳಲ್ಲಿ ಹಾಗೇ ಇಟ್ಟುಕೊಳ್ಳುತ್ತೇವೆ.